ಪಾಠ ಯೋಜನೆಯಲ್ಲಿ ಇಲ್ಲದ ಕಲಂ



ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವನು ನಾನು. ಪ್ರತಿ ವರ್ಷ ನಮ್ಮ ಶಾಲೆಗೆ ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಬರುತ್ತಾರೆ. ಒಂದೇ ಬಣ್ಣದ ಸೀರೆ, ಕಂಕುಳಲ್ಲಿ ಫೈಲು, ಕೈಯಲ್ಲಿ ಸುರುಳಿ ಸುತ್ತಿದ ಚಾರ್ಟು. ನಾವು ಓದುವ ಕಾಲಕ್ಕೆ ಬಿ.ಎಡ್. ಒಂದೇ ವರ್ಷ, 2015ರಿಂದ ಎರಡು ವರ್ಷವಾಗಿದೆ. ಎರಡನೇ ವರ್ಷದಲ್ಲಿ 16 ವಾರ ಶಾಲೆಯಲ್ಲೇ ಇರಬೇಕು. ಹಾಗಾಗಿ ಮೊದಲ ದಿನ ತಾವು ಯಾರೆಂದು ಹೇಳಿಕೊಂಡದ್ದರ ಜೊತೆ ಅವರು ನಾಲ್ಕು ತಿಂಗಳು ಬಾಳಬೇಕಾಗುತ್ತದೆ.

ಹೋದ ವರ್ಷ ಬಂದ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಒಂಬತ್ತನೇ ತರಗತಿ, ಎ ವಿಭಾಗ, ನಲವತ್ತೆಂಟು ಮಕ್ಕಳು. ಪಾಠ ಶಬ್ದದ್ದು. ಆಕೆಯ ಪಾಠ ಯೋಜನೆ ಅಚ್ಚುಕಟ್ಟಾಗಿತ್ತು. ಪೂರ್ವಜ್ಞಾನ, ಪೀಠಿಕೆ, ಪಾಠೋಪಕರಣ, ಮೌಲ್ಯಮಾಪನ, ಎಲ್ಲಕ್ಕೂ ಕಲಂ ಇತ್ತು. 'ನಾನು ಯಾರು' ಎನ್ನುವುದಕ್ಕೆ ಮಾತ್ರ ಕಲಂ ಇರಲಿಲ್ಲ, ಯಾವ ಪಾಠ ಯೋಜನೆಯಲ್ಲೂ ಇರುವುದಿಲ್ಲ. ಕಾಲೇಜಿನ ಸೂಕ್ಷ್ಮ ಬೋಧನೆಯಲ್ಲಿ ಸಹಪಾಠಿಗಳೇ ಒಂಬತ್ತನೇ ತರಗತಿಯ ಮಕ್ಕಳ ಹಾಗೆ ನಟಿಸುತ್ತಾ ಕೂತಿರುತ್ತಾರೆ. ಪರಿಚಯ ಇದ್ದವರ ಮುಂದೆ ಪರಿಚಯ ಹೇಳಿಕೊಳ್ಳುವುದು ಎಲ್ಲಿಂದ ಬಂತು?

ನಾನು ಕೊನೇ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕೂತಿದ್ದೆ. ಆಕೆ ಹೆಸರು, ಊರು, ಕಾಲೇಜು, ಡಿಗ್ರಿಯಲ್ಲಿ ತೆಗೆದ ಪರ್ಸೆಂಟು, ಹವ್ಯಾಸ ಎಲ್ಲ ಹೇಳಿದಳು. ಕೊನೆಗೆ, "ನನ್ನನ್ನು ಟೀಚರ್ ಅಂತ ಅಂದ್ಕೋಬೇಡಿ, ಫ್ರೆಂಡ್ ಅಂತ ತಿಳ್ಕೊಳ್ಳಿ, ಅಕ್ಕ ಅಂತ ತಿಳ್ಕೊಳ್ಳಿ" ಅಂದಳು. ಹಿಂದಿನ ಬೆಂಚಿನ ಹುಡುಗರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದುಕೊಂಡರು.

ಆಮೇಲೆ, "ಈಗ ನಿಮ್ಮ ಸರದಿ. ಹೆಸರು, ತಂದೆ ಏನು ಮಾಡ್ತಾರೆ, ಮುಂದೆ ಏನಾಗ್ತೀರಿ?" ನಲವತ್ತೆಂಟು ಮಕ್ಕಳು ತಲಾ ಅರ್ಧ ನಿಮಿಷ ಮಾತಾಡಿದರೆ ಇಪ್ಪತ್ನಾಲ್ಕು ನಿಮಿಷ, ಪಿರಿಯಡ್ ಇರುವುದು ನಲವತ್ತು. ಮೊದಲ ಬೆಂಚಿನಲ್ಲಿ ಡಾಕ್ಟರು, ಪೊಲೀಸು ಬಂದರು. ಮೂರನೇ ಬೆಂಚಿನಿಂದ ಎಲ್ಲರೂ ಐಎಎಸ್. ನಡುವೆ ಒಬ್ಬ ಹುಡುಗಿ ಎದ್ದು ಹೆಸರು ಹೇಳಿ, "ಅಪ್ಪ ಇಲ್ಲ ಮಿಸ್" ಅಂದಳು. "ಇಲ್ಲ ಅಂದ್ರೆ? ಊರಲ್ಲಿಲ್ವಾ?" ಎಂದು ಕೇಳಿಬಿಟ್ಟಳು ಈಕೆ. ಹುಡುಗಿ ಉತ್ತರ ಕೊಡಲಿಲ್ಲ. ಬೆಂಚಿನ ಮೇಲಿನ ಇಂಕಿನ ಕಲೆಯನ್ನು ಉಗುರಿನಿಂದ ಕೆರೆಯುತ್ತಾ ನಿಂತಳು. ನೆರೆಯವಳು ಸೆರಗು ಎಳೆಯುವವಳಂತೆ ಅವಳ ವೇಲ್ ಎಳೆದು ಕೂರಿಸಿದಳು. ಹದಿನಾಲ್ಕರ ವಯಸ್ಸಿನಲ್ಲಿ, ಗಂಡುಮಕ್ಕಳೂ ಕೂತಿರುವ ಕ್ಲಾಸಿನಲ್ಲಿ, ಮನೆಯ ಮಾತನ್ನು ಎದ್ದು ನಿಂತು ಹೇಳಬೇಕಾಗುವುದು ಎಂಥ ಶಿಕ್ಷೆ ಅನ್ನುವುದು ನಮಗೆ ಮರೆತುಹೋಗಿರುತ್ತದೆ.

ಕೊನೆಗೆ "ಏನಾದರೂ ಕೇಳ್ಬೇಕಾ?" ಅಂದಾಗ ಬಂದ ಪ್ರಶ್ನೆಗಳನ್ನು ನೀವೇ ಊಹಿಸಬಹುದು. "ಮಿಸ್, ಮದುವೆ ಆಗಿದೆಯಾ?" "ಮಿಸ್, ಇನ್‌ಸ್ಟಾದಲ್ಲಿ ಇದ್ದೀರಾ?" ಫ್ರೆಂಡ್ ಅಂದಿದ್ದಳಲ್ಲ, ಫ್ರೆಂಡನ್ನು ಕೇಳುವುದನ್ನೇ ಅವರು ಕೇಳಿದರು. ತಪ್ಪು ಅವರದ್ದಲ್ಲ. ಬೆಲ್ ಹೊಡೆಯಿತು. ಪ್ರಯೋಗಕ್ಕೆಂದು ತಂದ ಸ್ಟೀಲ್ ಚಮಚ ಚೀಲದಲ್ಲೇ ಉಳಿಯಿತು.

ಸ್ಟಾಫ್ ರೂಮಿನಲ್ಲಿ ಚಹಾ ಮುಂದಿಟ್ಟುಕೊಂಡು, "ಸರ್, ಏನು ಹೇಳಬಾರದಿತ್ತು?" ಅಂದಳು. ನಾನು ಅದನ್ನು ಬಿಟ್ಟು, ಮಕ್ಕಳಿಗೆ ನಿನ್ನ ಬಗ್ಗೆ ಏನು ತಿಳಿಯಬೇಕಿತ್ತು ಅಂತ ಕೇಳಿದೆ. ಪರ್ಸೆಂಟು ಅವರಿಗೆ ಬೇಡ. ಎಷ್ಟು ದಿನ ಇರ್ತೀರಿ? ನಮ್ಮ ಸರ್ ಎಲ್ಲಿ ಹೋದರು? ಟೆಸ್ಟ್ ಪೇಪರು ಯಾರು ನೋಡ್ತಾರೆ? ನೋಟ್ಸು ಯಾರದ್ದು ಬರೀಬೇಕು? ಅವರ ತಲೆಯಲ್ಲಿ ಇರುವುದು ಇವೇ. ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೇ. ಉತ್ತರ ಸಿಗದಿದ್ದರೆ ನಾಲ್ಕು ದಿನ ತರಲೆ ಮಾಡಿ ತಾವೇ ಕಂಡುಕೊಳ್ಳುತ್ತಾರೆ.

"ನಾನು ಟ್ರೈನಿಂಗ್‌ನಲ್ಲಿದ್ದೀನಿ ಅಂದ್ರೆ ಸದರ ಆಗಲ್ವಾ ಸರ್?" ಎಂದಳು. ಆ ಸೀರೆ, ಫೈಲು, ಹಿಂದೆ ಕೂತ ನಾನು, ಇಷ್ಟು ನೋಡಿದ ಮೇಲೆ ಅವರಿಗೆ ತಿಳಿಯದೆ ಇರುತ್ತದೆಯೇ? ಗೊತ್ತಿರುವುದನ್ನು ಮುಚ್ಚಿಟ್ಟರೇ ಸದರ. ಇನ್ನೂ ಒಂದು ಉಂಟು. ಕೆಲವು ಪ್ರಶಿಕ್ಷಣಾರ್ಥಿಗಳು ಹಿಂದಿನ ದಿನವೇ, "ನಾಳೆ ನಮ್ಮ ಕಾಲೇಜಿನವರು ಬರ್ತಾರೆ, ಈ ಪ್ರಶ್ನೆ ಕೇಳ್ತೀನಿ, ನೀನು ಈ ಉತ್ತರ ಹೇಳು" ಎಂದು ಮಕ್ಕಳ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಮರುದಿನ ಕೈಗಳು ಮೇಲೇಳುವ ವೇಗ ನೋಡಿದರೇ ನಮಗೆ ಗೊತ್ತಾಗುತ್ತದೆ. ವೀಕ್ಷಣಾ ಪುಸ್ತಕದಲ್ಲಿ ಅಂಕ ಬೀಳಬಹುದು. ಆದರೆ ಅವತ್ತಿನಿಂದ ಆ ತರಗತಿ ನಿಮಗೆ ಸಾಲ ಕೊಟ್ಟಿದೆ. ಮನೆಕೆಲಸ ಯಾಕೆ ಮಾಡಿಲ್ಲ ಎಂದು ಕೇಳುವ ದಿನ ವಸೂಲಿಗೆ ಬರುತ್ತದೆ.

ಈಕೆಗೆ ಮರುದಿನ ಬಿ ವಿಭಾಗ. ಕರಿಹಲಗೆಯ ಮೂಲೆಯಲ್ಲಿ ಹೆಸರು ಬರೆದಳು. ಆಮೇಲೆ ಅಂದದ್ದು ಇಷ್ಟು: "ಮಿಸ್ ಅಂತ ಕರೀರಿ. ನಾನು ಬಿ.ಎಡ್. ಓದ್ತಾ ಇದ್ದೀನಿ, ಪಾಠ ಮಾಡೋದನ್ನು ಕಲಿಯೋಕೆ ಬಂದಿದ್ದೀನಿ. ಶಬ್ದದ ಪಾಠ ಮುಗಿಯೋವರೆಗೆ ವಿಜ್ಞಾನ ನಾನೇ. ಸರ್ ಇಲ್ಲೇ ಇರ್ತಾರೆ, ಟೆಸ್ಟ್ ಪೇಪರು ಅವರೇ ನೋಡ್ತಾರೆ. ನನಗೆ ಗೊತ್ತಿಲ್ಲದ್ದು ಕೇಳಿದ್ರೆ ಬರೆದಿಟ್ಟುಕೊಂಡು ಮಾರನೇ ದಿನ ಹೇಳ್ತೀನಿ." ಒಂದು ನಿಮಿಷವೂ ಆಗಿರಲಿಲ್ಲ. ಯಾರೋ ಒಬ್ಬ ಮದುವೆ ಪ್ರಶ್ನೆ ತೆಗೆದ. "ಅದು ಪಾಠದಲ್ಲಿಲ್ಲ" ಎಂದು ನಕ್ಕು ಚಮಚ ತೆಗೆದಳು.

ಎರಡು ಮೊಳದಷ್ಟು ದಾರ, ನಟ್ಟನಡುವೆ ಚಮಚ ಕಟ್ಟಿದೆ. ದಾರದ ಎರಡು ತುದಿಗಳನ್ನು ಎರಡು ತೋರುಬೆರಳಿಗೆ ಸುತ್ತಿಕೊಂಡು, ಬೆರಳನ್ನು ಕಿವಿಗೆ ಇಟ್ಟುಕೊಂಡು ಬಗ್ಗಬೇಕು. ಚಮಚ ಮೇಜಿನ ಅಂಚಿಗೆ ತಾಗಬೇಕು. ನೋಡುವವರಿಗೆ ಟಿಂಗ್ ಅಂತ ಸಣ್ಣ ಸದ್ದು. ಬಗ್ಗಿದವನಿಗೆ ಮಾತ್ರ ದೇವಸ್ಥಾನದ ಗಂಟೆ. ಕಂಪನ ಗಾಳಿಯಲ್ಲಿ ಚದುರದೆ ದಾರದಲ್ಲೇ ಹರಿದು ಕಿವಿಗೆ ಬರುತ್ತದಲ್ಲ. ಮೊದಲ ಹುಡುಗನ ಕಣ್ಣು ಅರಳಿದ್ದು ನೋಡಿ ಉಳಿದವರು ನಾನು ನಾನು ಎಂದು ಎದ್ದರು.

ಆಗ ಆಕೆ ಹೆಸರು ಹಿಡಿದು ಕರೆಯತೊಡಗಿದಳು! ಪಾಠಕ್ಕೆ ಮುಂಚಿನ ವಾರವಿಡೀ ನನ್ನ ತರಗತಿಯಲ್ಲಿ ಹಿಂದೆ ಕೂತು ವೀಕ್ಷಣೆ ಮಾಡುವಾಗ ಬೆಂಚುಗಳ ನಕ್ಷೆ ಬರೆದು, ಯಾರು ಎಲ್ಲಿ ಕೂರುತ್ತಾರೆಂದು ಗುರುತು ಹಾಕಿಕೊಂಡಿದ್ದಳು. ಎ ವಿಭಾಗದ್ದೂ ಅವಳ ಬಳಿ ಇತ್ತಂತೆ. ಮೊದಲ ದಿನದ ಗಾಬರಿಯಲ್ಲಿ ಫೈಲಿನಿಂದ ತೆಗೆಯಲೇ ಇಲ್ಲ.

ಕಿಟಕಿ ಪಕ್ಕದ ಹುಡುಗನ ಸರದಿ ಬಂತು. ಅವನ ಅಣ್ಣ ನಮ್ಮಲ್ಲೇ ಓದಿ, ಕ್ರೀಡೆಯಲ್ಲಿ ಜಿಲ್ಲೆಗೆ ಹೋಗಿ ಬಂದವನು. ಹಾಗಾಗಿ ನಾವು ಮೇಷ್ಟ್ರುಗಳೆಲ್ಲ ಇವನನ್ನು ಅಣ್ಣನ ಹೆಸರು ಹೇಳಿ 'ಅವನ ತಮ್ಮ' ಎಂದೇ ಕರೆಯುತ್ತಿದ್ದೆವು. ಆಕೆಯ ನಕ್ಷೆಯಲ್ಲೂ ನನ್ನ ಬಾಯಿಂದ ಕೇಳಿದ್ದೇ ಇತ್ತು, ಅಣ್ಣನ ಹೆಸರು. ಅದನ್ನೇ ಕರೆದಳು. ತರಗತಿ ಗೊಳ್ಳೆಂದಿತು. ಅವನು ಎದ್ದು, "ಅದು ನಮ್ಮಣ್ಣ ಮಿಸ್" ಅಂದ. ಆಕೆ ಅವನ ಹೆಸರು ಕೇಳಿ, ಎಲ್ಲರ ಮುಂದೆಯೇ ನಕ್ಷೆಯಲ್ಲಿ ಹೊಡೆದುಹಾಕಿ ತಿದ್ದಿ ಬರೆದಳು. ಮತ್ತೆ ಕರೆದಳು. ಅವನು ಬಂದು ದಾರವನ್ನು ಬೆರಳಿಗೆ ಸುತ್ತಿಕೊಂಡು ಬಗ್ಗಿದ.

ನಾನು ಆ ಹುಡುಗನಿಗೆ ಎರಡು ವರ್ಷದಿಂದ ಪಾಠ ಮಾಡುತ್ತಿದ್ದೆ.