ಹಿಡಿದುಕೊಂಡ ಭುಜ: ಫಿಸಿಯೋಥೆರಪಿಸ್ಟ್ ಮಾಡುವುದೇನು, ಹಿಡಿಯುವ ಕಾಲವೆಷ್ಟು

ಭುಜದ ಕೀಲನ್ನು ಸುತ್ತಿಕೊಂಡು ಒಂದು ತೆಳು ಚೀಲವಿರುತ್ತದೆ. ತೋಳು ಇಳಿಬಿಟ್ಟಾಗ ಅದು ಕಂಕುಳ ಬಳಿ ಮಡಿಕೆಯಾಗಿ ಜೋತುಬಿದ್ದಿರುತ್ತದೆ. ತೋಳೆತ್ತಿದರೆ ಆ ಮಡಿಕೆ ಬಿಚ್ಚಿಕೊಂಡು ಜಾಗ ಕೊಡುತ್ತದೆ. ಉರಿಯೂತವಾಗಿ ಚೀಲ ದಪ್ಪಗಾದರೆ, ಮಡಿಕೆ ಕುಗ್ಗಿ ಬಿಗಿದುಕೊಂಡರೆ, ತೋಳು ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಇದೇ ಫ್ರೋಜನ್ ಶೋಲ್ಡರ್. ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಬಳಸಿದ ಈ ಹೆಸರು ಈಗ ನಮ್ಮ ಊರುಗಳ ಕ್ಲಿನಿಕ್ಕುಗಳಲ್ಲೂ ರೂಢಿಯ ಮಾತು. ಮನೆಯಲ್ಲಿ ಮಾತ್ರ ‘ಭುಜ ಹಿಡಿದುಕೊಂಡಿದೆ’ ಅನ್ನುತ್ತಾರೆ, ಇಲ್ಲವೇ ವಾಯು ಅಂತ ಎಣ್ಣೆ ಹಚ್ಚುತ್ತಾರೆ. ಹೆಚ್ಚಾಗಿ 40ರಿಂದ 60 ವರ್ಷದೊಳಗಿನವರಿಗೆ ಬರುವ ತೊಂದರೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಜಾಸ್ತಿ.

ಇಂಥ ಭುಜವನ್ನು ನೋಡುವವರು ಫಿಸಿಯೋಥೆರಪಿಯಲ್ಲಿ ಬಿ.ಪಿ.ಟಿ. ಪದವಿ ಪಡೆದು, ಆಮೇಲೆ ಎರಡು ವರ್ಷದ ಎಂ.ಪಿ.ಟಿ.ಯಲ್ಲಿ ಮೂಳೆ, ಕೀಲು, ಸ್ನಾಯುಗಳ ವಿಭಾಗವನ್ನು ಆರಿಸಿಕೊಂಡವರಾಗಿರುತ್ತಾರೆ. ನರ, ಹೃದಯ ಮತ್ತು ಶ್ವಾಸಕೋಶ, ಮಕ್ಕಳು, ಕ್ರೀಡೆ ಇವೆಲ್ಲ ಬೇರೆ ವಿಭಾಗಗಳು. ಪಾರ್ಶ್ವವಾಯು ರೋಗಿಗಳನ್ನೇ ಹತ್ತು ವರ್ಷ ನಡೆಸಿದವರಿಗೆ ಭುಜ ಗೊತ್ತಿಲ್ಲ ಎಂದಲ್ಲ, ಆದರೆ ಕೈಯ ಪಳಗಿಕೆ ಬೇರೆ.

ಆ ಪಳಗಿಕೆ ಮೊದಲು ಕಾಣುವುದು ಚಿಕಿತ್ಸೆಯಲ್ಲಲ್ಲ, ಪರೀಕ್ಷೆಯಲ್ಲಿ. ರೋಗಿ ಮೊಣಕೈಯನ್ನು ಪಕ್ಕೆಗೆ ಒತ್ತಿ ಮಡಿಸಿಟ್ಟುಕೊಂಡು, ಬಾಗಿಲು ತೆರೆಯುವಂತೆ ಮುಂಗೈಯನ್ನು ಹೊರಕ್ಕೆ ತಿರುಗಿಸಬೇಕು. ಚೀಲ ಬಿಗಿದಿದ್ದರೆ ಮುಖ್ಯವಾಗಿ ಕುಂಠಿತವಾಗುವುದು ಈ ಚಲನೆಯೇ. ಆಮೇಲೆ ಫಿಸಿಯೋಥೆರಪಿಸ್ಟ್ ತಾವೇ ಆ ಕೈ ಹಿಡಿದು ಮೆಲ್ಲಗೆ ತಿರುಗಿಸಿ ನೋಡುತ್ತಾರೆ. ರೋಗಿಗೆ ಆಗದ್ದು ಅವರಿಗೂ ಆಗದಿದ್ದರೆ, ಅದೇ ಜಾಗದಲ್ಲಿ ಗಟ್ಟಿಯಾಗಿ ತಡೆದರೆ, ಅದು ಚೀಲದ ಬಿಗಿತ. ರೋಗಿ ಎತ್ತಲಾರದ ಕೈ ಬೇರೆಯವರು ಎತ್ತಿದರೆ ಸಲೀಸಾಗಿ ಮೇಲೆ ಹೋಯಿತೆಂದರೆ ತೊಂದರೆ ಬಹುಶಃ ಸ್ನಾಯುವಿನ ನಾರಿನಲ್ಲಿದೆ. ಅದರ ಚಿಕಿತ್ಸೆಯೇ ಬೇರೆ. ನೋವು ಮೊಣಕೈ ದಾಟಿ ಬೆರಳಿನವರೆಗೆ ಜುಮುಗುಟ್ಟುತ್ತಾ ಇಳಿದರೆ ಕುತ್ತಿಗೆಯ ನರವನ್ನು ಅನುಮಾನಿಸಬೇಕು. ಕೀಲು ಸವೆದಿದ್ದರೂ, ಜಾರಿ ಸಿಕ್ಕಿಕೊಂಡಿದ್ದರೂ ಕೈ ಹೀಗೇ ತಿರುಗುವುದಿಲ್ಲವಾದ್ದರಿಂದ ಒಂದು ಎಕ್ಸ್‌ರೇ ಬೇಕೇ ಬೇಕು. ಫ್ರೋಜನ್ ಶೋಲ್ಡರಿನಲ್ಲಿ ಅದು ಸಾಮಾನ್ಯವಾಗಿ ಸರಿಯಾಗಿಯೇ ಕಾಣುತ್ತದೆ. ‘ಎಕ್ಸ್‌ರೇಲಿ ಏನೂ ಇಲ್ಲ ಅಂದ್ರು’ ಎಂದು ರೋಗಿ ಬೇಸರದಿಂದ ಹೇಳುವ ಮಾತೇ ಇಲ್ಲಿ ರೋಗದ ಸುಳಿವು.

ಇನ್ನು ವಿಧಾನ. ಕಾಯಿಲೆ ಯಾವ ಹಂತದಲ್ಲಿದೆ ಎಂಬುದರ ಮೇಲೆ ಅದು ನಿಂತಿದೆ. ಮೊದಲ ಕೆಲವು ತಿಂಗಳು ನೋವಿನ ಕಾಲ. ಆ ಮಗ್ಗುಲಿಗೆ ಮಲಗಲಾಗದು, ನಿದ್ದೆ ಹರಿದುಹೋಗುತ್ತದೆ. ಆಮೇಲೆ ನೋವು ತಗ್ಗಿ ಬಿಗಿತವೇ ಉಳಿಯುವ ಕಾಲ. ಕೊನೆಗೆ ತಾನೇ ಸಡಿಲವಾಗುವ ಕಾಲ. ನೋವಿನ ಕಾಲದಲ್ಲಿ ಕೈಯನ್ನು ಜಗ್ಗಿ ಎತ್ತುವುದು ಉರಿಯುವ ಚೀಲವನ್ನು ಇನ್ನಷ್ಟು ಕೆಣಕಿದಂತೆ. ಆಗ ಮಾಡುವುದು ತೀರ ಸಣ್ಣ ಕೆಲಸಗಳು: ತೋಳಿನ ಮೂಳೆಯನ್ನು ಹಿಡಿದು ನೋವು ಶುರುವಾಗುವ ಮುಂಚಿನ ವ್ಯಾಪ್ತಿಯಲ್ಲೇ ಸಣ್ಣಗೆ ತೂಗುವುದು, ಮೇಜಿನ ಮೇಲೆ ಬಗ್ಗಿ ಕೈಯನ್ನು ಲೋಲಕದಂತೆ ಇಳಿಬಿಟ್ಟು ಆಡಿಸುವುದು, ರಾತ್ರಿ ತೋಳಿನಡಿ ದಿಂಬು ಇಡುವುದು. ಈ ಹಂತದಲ್ಲೇ ಮೂಳೆ ವೈದ್ಯರು ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೆಲವು ವಾರ ನೋವು ಇಳಿದು ವ್ಯಾಯಾಮಕ್ಕೆ ಅವಕಾಶವಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇಂಜೆಕ್ಷನ್ನಿನ ನಂತರ ಕೆಲವು ದಿನ ಸಕ್ಕರೆ ಏರುವುದನ್ನು ಮೊದಲೇ ಹೇಳಿರಬೇಕು.

ನೋವು ತಗ್ಗಿದ ಮೇಲೆ ಬಿಗಿತದ ಕೊನೆಯಂಚಿನಲ್ಲಿ ಕೆಲಸ. ಆಸ್ಟ್ರೇಲಿಯಾದ ಜೆಫ್ರಿ ಮೈಟ್‌ಲೆಂಡ್ ರೂಪಿಸಿದ ಕ್ರಮದಲ್ಲಿ ಕೀಲನ್ನು ಸರಿಸುವ ಒತ್ತಡಕ್ಕೆ ದರ್ಜೆಗಳಿವೆ. ಮೊದಲೆರಡು ನೋವಿಗೆ, ಮೂರು ಮತ್ತು ನಾಲ್ಕನೆಯವು ಬಿಗಿತಕ್ಕೆ. ಜೊತೆಗೆ ಮನೆಯಲ್ಲಿ ಕೋಲು ಹಿಡಿದು ಕೈಯನ್ನು ಹೊರಕ್ಕೆ ತಳ್ಳುವುದು, ಗೋಡೆಯ ಮೇಲೆ ಬೆರಳು ನಡೆಸುವುದು, ರಾಟೆಗೆ ಹಗ್ಗ ಹಾಕಿ ಎಳೆಯುವುದು. ಒಂದೇ ಸಲ ಅರ್ಧ ಗಂಟೆ ಮಾಡುವುದಕ್ಕಿಂತ ದಿನಕ್ಕೆ ಮೂರು ನಾಲ್ಕು ಸಲ ಐದೈದು ನಿಮಿಷ ಮಾಡುವುದು ಮೇಲು. ವ್ಯಾಯಾಮದ ನೋವು ಸ್ವಲ್ಪ ಹೊತ್ತಿಗೆ ಇಳಿದರೆ ಅಳತೆ ಸರಿಯಿದೆ. ಮರುದಿನ ಬೆಳಿಗ್ಗೆಗೂ ಉಳಿದಿದ್ದರೆ ಮಿತಿ ಮೀರಿದೆ.

ಕರೆಂಟ್ ಕೊಡುವುದು, ಅಲ್ಟ್ರಾಸೌಂಡ್, ಶಾಖ ಇವು ಸ್ವಲ್ಪ ಹೊತ್ತು ಹಾಯೆನಿಸಬಹುದು, ಚೀಲವನ್ನು ಬಿಚ್ಚುವುದಿಲ್ಲ. ಯಂತ್ರ ಹಚ್ಚದಿದ್ದರೆ ಕೊಟ್ಟ ದುಡ್ಡು ದಂಡವಾಯಿತು ಎನ್ನುವ ಭಾವನೆ ರೋಗಿಗಳಲ್ಲಿದೆ. ಕ್ಲಿನಿಕ್ಕುಗಳೂ ಅದನ್ನು ತಿದ್ದಲು ಹೋಗುವುದು ಕಡಿಮೆ.

ಜೋರಾಗಿ ಜಗ್ಗಿದರೆ ಬೇಗ ಗುಣ ಎಂಬ ನಂಬಿಕೆಯನ್ನು 2004ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಒಂದು ಅಧ್ಯಯನ ಅಲುಗಾಡಿಸಿತು. 77 ರೋಗಿಗಳಲ್ಲಿ ಒಂದು ಗುಂಪಿಗೆ ನೋವು ಮೀರಿದ ತೀವ್ರ ವ್ಯಾಯಾಮ, ಇನ್ನೊಂದಕ್ಕೆ ನೋವಿನ ಮಿತಿಯೊಳಗಿನ ಸೌಮ್ಯ ವ್ಯಾಯಾಮ. ಎರಡು ವರ್ಷದ ಹೊತ್ತಿಗೆ ಸೌಮ್ಯ ಗುಂಪಿನ ಶೇ. 89ರಷ್ಟು ಮಂದಿಯ ಭುಜ ಹೆಚ್ಚುಕಡಿಮೆ ಮೊದಲಿನಂತಾಗಿತ್ತು. ತೀವ್ರ ಗುಂಪಿನಲ್ಲಿ ಶೇ. 63. ಅಧ್ಯಯನ ಸಣ್ಣದು, ಆದರೂ ದಿಕ್ಕು ಸ್ಪಷ್ಟ.

ಕಾಲದ ಲೆಕ್ಕ ತಿಳಿಯಲು ಒಂದು ಕಲ್ಪಿತ ಉದಾಹರಣೆ. 52 ವರ್ಷದ ಮಹಿಳೆ, ಸಕ್ಕರೆ ಕಾಯಿಲೆಯಿದೆ, ಬಲಭುಜ ನೋಯಲು ಶುರುವಾಗಿ ಮೂರು ತಿಂಗಳು. ಜಡೆ ಹಾಕಿಕೊಳ್ಳಲು ಆಗುತ್ತಿಲ್ಲ, ರವಿಕೆಯ ಬೆನ್ನಿನ ಹುಕ್ಕು ಮಗಳು ಹಾಕಬೇಕು. ಗೋನಿಯೋಮೀಟರ್ ಇಟ್ಟು ಅಳೆದರೆ ಕೈ ಮುಂದಕ್ಕೆ ಏರುವುದು 95 ಡಿಗ್ರಿ, ಹೊರಕ್ಕೆ ತಿರುಗುವುದು 10. ಎಡಗೈಯಲ್ಲಿ ಇವು 170 ಮತ್ತು 70. ಆರು ವಾರದ ನಂತರ ರಾತ್ರಿ ನಿದ್ದೆ ಬರುತ್ತದೆ, ಆದರೆ ಅಳತೆ 105 ಮತ್ತು 15, ಹೆಚ್ಚೇನೂ ಬದಲಾಗಿಲ್ಲ. ಬಹಳ ಮಂದಿ ಚಿಕಿತ್ಸೆ ಬಿಡುವುದು, ಕ್ಲಿನಿಕ್ ಬದಲಿಸುವುದು ಇಲ್ಲೇ. ನೋವು ಮೊದಲು ಹೋಗುತ್ತದೆ, ಚಲನೆ ಆಮೇಲೆ ಬರುತ್ತದೆ ಎಂದು ಮೊದಲ ದಿನವೇ ಹೇಳಿದ್ದರೆ ಆಕೆ ಉಳಿಯುತ್ತಾರೆ. ಐದನೇ ತಿಂಗಳಿಗೆ 135 ಮತ್ತು 35: ಜಡೆ ಕೈಗೆಟುಕುತ್ತದೆ. ಹತ್ತನೇ ತಿಂಗಳಿಗೆ 155 ಮತ್ತು 50. ರವಿಕೆಯ ಹುಕ್ಕು ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ಕೈ ಬೆನ್ನ ಹಿಂದೆ ಹೋಗುವ ಚಲನೆ ಮರಳುವುದು ತಡ.

ಒಟ್ಟಾರೆ ಒಂದರಿಂದ ಮೂರು ವರ್ಷ ಎಂಬುದು ಪ್ರಾಮಾಣಿಕ ಅಂದಾಜು. ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ನಿಧಾನ. ಕೆಲವರಿಗೆ ಕೊನೆಯ ಹತ್ತಿಪ್ಪತ್ತು ಡಿಗ್ರಿ ಮರಳುವುದೇ ಇಲ್ಲ, ದಿನದ ಕೆಲಸಕ್ಕೆ ಅದರಿಂದ ಅಡ್ಡಿಯೂ ಇರುವುದಿಲ್ಲ. ಅದೇ ಭುಜಕ್ಕೆ ಮತ್ತೆ ಬರುವುದು ಅಪರೂಪ, ಇನ್ನೊಂದು ಭುಜಕ್ಕೆ ಬರಬಹುದು. ಹೀಗಿರುವಾಗ ಹತ್ತು ಸಿಟ್ಟಿಂಗಿನಲ್ಲಿ ಪೂರ್ತಿ ಗುಣ ಎಂದು ಬರೆದುಕೊಂಡ ಕ್ಲಿನಿಕ್ಕು ನೋವಿನ ಮಾತಾಡುತ್ತಿದೆಯೋ ಚಲನೆಯ ಮಾತಾಡುತ್ತಿದೆಯೋ ಎಂದು ಕೇಳಿ ತಿಳಿಯಬೇಕು.

ಹಲವು ತಿಂಗಳ ನಂತರವೂ ಅಳತೆ ಕದಲದಿದ್ದರೆ ಅರಿವಳಿಕೆ ಕೊಟ್ಟು ಕೀಲನ್ನು ಬಿಡಿಸುವುದು, ಇಲ್ಲವೇ ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ ಚೀಲ ಕತ್ತರಿಸುವುದು ಎಂಬ ದಾರಿಗಳಿವೆ. ಬ್ರಿಟನ್ನಿನಲ್ಲಿ 503 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗ ಈ ಎರಡನ್ನೂ ಇಂಜೆಕ್ಷನ್ ಸಹಿತ ಫಿಸಿಯೋಥೆರಪಿಯ ಜೊತೆ ಹೋಲಿಸಿತು. ವರ್ಷದ ಕೊನೆಗೆ ಯಾವುದೂ ಉಳಿದವನ್ನು ಹೇಳಿಕೊಳ್ಳುವಷ್ಟು ಹಿಂದಿಕ್ಕಿರಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೂ ಫಿಸಿಯೋಥೆರಪಿ ತಪ್ಪುವುದಿಲ್ಲ: ಬಿಡಿಸಿದ ಚೀಲ ಮತ್ತೆ ಅಂಟದಂತೆ ಒಂದೆರಡು ದಿನದೊಳಗೇ ಅದೇ ಕೋಲು, ಅದೇ ರಾಟೆ ಕೈಗೆ ಬರುತ್ತವೆ.