ಝೀಬ್ರಾ ಪಟ್ಟೆ ಮತ್ತು ರಸ್ತೆ ಉಬ್ಬಿಗೆ ಎಷ್ಟು ಬಣ್ಣ ಬೇಕು?

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ನನ್ನದೇ ಒಂದು ತಪ್ಪಿನಿಂದ ಮಾತು ಆರಂಭಿಸುತ್ತೇನೆ. ನಾನು ಸೇವೆಗೆ ಸೇರಿದ ಹೊಸದರಲ್ಲಿ, ಶಾಲೆಯೊಂದರ ಮುಂದಿನ ಡಾಂಬರು ರಸ್ತೆಗೆ ಝೀಬ್ರಾ ಪಟ್ಟೆ ಬರೆಸಿ, ಅದರ ಸಮೀಪದ ಉಬ್ಬಿಗೂ ಬಣ್ಣ ಹಚ್ಚಿಸಲು 4 ಲೀಟರಿನ ಒಂದು ಡಬ್ಬ ಬಿಳಿ ಬಣ್ಣ ತರಿಸಿದೆ. ಝೀಬ್ರಾ ಪಟ್ಟೆಗಳು ಚೆನ್ನಾಗಿಯೇ ಮುಗಿದವು. ಉಬ್ಬಿನ ಆರು ಪಟ್ಟೆಗಳ ಪೈಕಿ ನಾಲ್ಕು ಮುಗಿದು, ಐದನೆಯದು ಅರ್ಧವಾಗುವಷ್ಟರಲ್ಲಿ ಡಬ್ಬ ಬರಿದಾಯಿತು. ಉಳಿದುದನ್ನು ಮರುವಾರ ಹಚ್ಚಿದರಾಯಿತೆಂದು ಬಿಟ್ಟೆವು. ಆ ವಾರದಲ್ಲಿಯೇ ಒಂದು ರಾತ್ರಿ, ಬಣ್ಣವಿಲ್ಲದ ಬದಿಯಿಂದ ಬಂದ ಬೈಕ್ ಸವಾರರೊಬ್ಬರು ಉಬ್ಬನ್ನು ಕಾಣದೆ ಬಿದ್ದು ಕೈ ಮುರಿದುಕೊಂಡರು. ಲೆಕ್ಕ ಎಲ್ಲಿ ತಪ್ಪಿತೆಂಬುದನ್ನು ಇಂದು ತಮ್ಮ ಮುಂದೆ ಬಿಡಿಸಿಡುತ್ತೇನೆ.

ಮೊದಲು ಪಟ್ಟೆಗಳ ಸಂಖ್ಯೆ. ಝೀಬ್ರಾ ಪಟ್ಟೆಗಳು ವಾಹನ ಸಾಗುವ ದಿಕ್ಕಿಗೆ ಸಮಾನಾಂತರವಾಗಿರುತ್ತವೆ. ರಸ್ತೆಯ ಅಗಲದುದ್ದಕ್ಕೂ ಒಂದರ ಪಕ್ಕದಲ್ಲೊಂದು ಬರುತ್ತವೆ. ಪಟ್ಟೆಯ ಅಗಲ ಅರ್ಧ ಮೀಟರ್, ನಡುವಿನ ತೆರವು ಅರ್ಧ ಮೀಟರ್. ನಮ್ಮ ರಸ್ತೆಯ ಅಗಲ 5.5 ಮೀಟರ್. ಎರಡೂ ಅಂಚುಗಳಲ್ಲಿ ಪಟ್ಟೆಯೇ ಬರುವುದರಿಂದ ತೆರವುಗಳು ಪಟ್ಟೆಗಳಿಗಿಂತ ಒಂದು ಕಡಿಮೆ. ಆದುದರಿಂದ ರಸ್ತೆಯ ಅಗಲಕ್ಕೆ ಒಂದು ತೆರವನ್ನು ಕೂಡಿಸಿ, ಪಟ್ಟೆ ಮತ್ತು ತೆರವುಗಳ ಮೊತ್ತದಿಂದ ಭಾಗಿಸಬೇಕು.

(5.5 + 0.5) ÷ (0.5 + 0.5) = 6 ಪಟ್ಟೆಗಳು

ಭಾಗಾಕಾರ ಪೂರ್ಣಾಂಕವಾಗಿ ಬರದಿದ್ದರೆ ಕೆಳಗಿನ ಪೂರ್ಣಾಂಕವನ್ನೇ ಹಿಡಿಯಬೇಕು. ಉದಾಹರಣೆಗೆ ರಸ್ತೆ 7 ಮೀಟರ್ ಇದ್ದರೆ 7.5 ಬರುತ್ತದೆ, ಏಳು ಪಟ್ಟೆ ಬರೆದು, ಉಳಿಯುವ ಅರ್ಧ ಮೀಟರನ್ನು ಎರಡೂ ಅಂಚುಗಳಿಗೆ ಕಾಲು ಕಾಲು ಮೀಟರಿನಂತೆ ಬಿಡುವುದು. ಅಗಲವನ್ನು ಕಡತದಿಂದ ತೆಗೆದುಕೊಳ್ಳದೆ, ಪಟ್ಟೆ ಬರುವ ಸ್ಥಳದಲ್ಲಿಯೇ ಟೇಪು ಹಿಡಿದು ಅಳೆಯಿರಿ.

ಎರಡನೆಯದು ವಿಸ್ತೀರ್ಣ. ಪಟ್ಟೆಯ ಉದ್ದ 3 ಮೀಟರ್ ಎಂದಿಟ್ಟುಕೊಂಡರೆ 6 × 0.5 × 3 = 9 ಚದರ ಮೀಟರ್. ಬಿಲ್ಲಿನಲ್ಲಿ 5.5 × 3, ಅಂದರೆ 16.5 ಚದರ ಮೀಟರ್ ಎಂದು ಬರೆದಿದ್ದರೆ ಬಣ್ಣವಿಲ್ಲದ ತೆರವುಗಳನ್ನೂ ಅಳೆಯಲಾಗಿದೆ ಎಂದರ್ಥ. ಅಳತೆ ಪುಸ್ತಕದಲ್ಲಿ ಪಟ್ಟೆಗಳ ಸಂಖ್ಯೆ, ಅಗಲ, ಉದ್ದ ಮೂರೂ ಪ್ರತ್ಯೇಕವಾಗಿ ದಾಖಲಾಗಿರಬೇಕು.

ನಮ್ಮ ಉಬ್ಬು ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್, ನಡುವೆ 10 ಸೆಂಟಿಮೀಟರ್ ಎತ್ತರ. ಇಷ್ಟು ಕಡಿಮೆ ಎತ್ತರದ ಬಾಗಿನಿಂದ ಹೆಚ್ಚುವ ಉದ್ದ ಒಂದು ಸೆಂಟಿಮೀಟರಿಗಿಂತಲೂ ಕಡಿಮೆಯಾದುದರಿಂದ ಅದನ್ನು ಸಮತಟ್ಟೆಂದೇ ಎಣಿಸಬಹುದು. ಇಲ್ಲಿಯೂ ಅದೇ ಅಳತೆಯ ಆರು ಬಿಳಿ ಪಟ್ಟೆಗಳು: 6 × 0.5 × 3.7 = 11.1 ಚದರ ಮೀಟರ್. ಡಾಂಬರಿನ ಮೇಲೆ ತೆರವು ತಾನಾಗಿಯೇ ಕಪ್ಪಾಗಿರುತ್ತದೆ. ಕಾಂಕ್ರೀಟ್ ಉಬ್ಬಾದರೆ ಐದು ತೆರವುಗಳಿಗೆ, ಅಂದರೆ 9.25 ಚದರ ಮೀಟರಿಗೆ, ಕಪ್ಪು ಬಣ್ಣವನ್ನು ಬೇರೆಯಾಗಿ ಲೆಕ್ಕ ಹಾಕಬೇಕು.

ಹೀಗೆ ಬಿಳಿ ಬಣ್ಣ ಬೇಕಾದ ಒಟ್ಟು ವಿಸ್ತೀರ್ಣ 20.1 ಚದರ ಮೀಟರ್. ಇಷ್ಟರವರೆಗೆ ನನ್ನ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ಮುಂದೆ. ಡಬ್ಬದ ಮೇಲೆ ಲೀಟರಿಗೆ 10 ಚದರ ಮೀಟರ್ ಎಂದಿತ್ತು. ಎರಡು ಲೇಪಕ್ಕೆ 4 ಲೀಟರ್ ಸಾಕೆಂದು ನಂಬಿದೆ. ಆ ಅಂಕಿ ನುಣುಪಾದ ಮೇಲ್ಮೈಗೆ ಸಲ್ಲುವಂಥದು. ಜಲ್ಲಿ ಎದ್ದ ಡಾಂಬರು ಅದಕ್ಕಿಂತ ಹೆಚ್ಚು ಬಣ್ಣ ಕುಡಿಯುತ್ತದೆ.

ಇದಕ್ಕೆ ಪರಿಹಾರ ಸುಲಭ. ರಸ್ತೆಯನ್ನು ಗುಡಿಸಿ, ಒಣಗಿದ ಮೇಲೆ, ಒಂದೇ ಒಂದು ಪಟ್ಟೆಗೆ ಅಳೆದು ಬಣ್ಣ ಹಚ್ಚಿಸಿ. ಝೀಬ್ರಾದ ಒಂದು ಪಟ್ಟೆ 1.5 ಚದರ ಮೀಟರ್. ನಮ್ಮ ರಸ್ತೆಯಲ್ಲಿ ಅದಕ್ಕೆ ಮೊದಲ ಲೇಪದಲ್ಲಿ 250 ಮಿಲಿಲೀಟರ್ ಹಿಡಿಯಿತು, ಅಂದರೆ ಲೀಟರಿಗೆ 6 ಚದರ ಮೀಟರ್. ಎರಡನೆಯ ಲೇಪದಲ್ಲಿ ಲೀಟರಿಗೆ ಸುಮಾರು 8.

ಮೊದಲ ಲೇಪ: 20.1 ÷ 6 = 3.35 ಲೀಟರ್
ಎರಡನೆಯ ಲೇಪ: 20.1 ÷ 8 = 2.51 ಲೀಟರ್
ಒಟ್ಟು: 5.86 ಲೀಟರ್

ರೋಲರು, ಡಬ್ಬಗಳಿಗೆ ಅಂಟಿ ಹೋಗುವುದಕ್ಕೆ ಹತ್ತನೇ ಒಂದು ಭಾಗ ಸೇರಿಸಿದರೆ ಸುಮಾರು 6.5 ಲೀಟರ್. ಖರೀದಿಸಬೇಕಾದುದು 7 ಲೀಟರ್.

ಈ ಲೆಕ್ಕ ಎರಡೂ ಕಡೆ ಕಾವಲು ಕಾಯುತ್ತದೆ. ಇಷ್ಟೇ ಕೆಲಸಕ್ಕೆ 20 ಲೀಟರಿನ ಬಿಲ್ಲು ಬಂದರೆ ಕಾರಣ ಕೇಳಬಹುದು. 4 ಲೀಟರಿನಲ್ಲಿಯೇ ಎರಡು ಲೇಪ ಮುಗಿಯಿತೆಂದರೂ ಕೇಳಬೇಕು: ಒಂದೇ ಲೇಪ ಹಚ್ಚಿರಬಹುದು, ಇಲ್ಲವೇ ಥಿನ್ನರ್ ಹೆಚ್ಚು ಬೆರೆಸಿರಬಹುದು. ಅಂಥ ಪಟ್ಟೆ ಬೂದುಬಣ್ಣಕ್ಕೆ ತಿರುಗಿರುತ್ತದೆ. ಬಗ್ಗಿ ನೋಡಿದರೆ ಜಲ್ಲಿಯ ಸಂದುಗಳಲ್ಲಿ ಡಾಂಬರಿನ ಕಪ್ಪು ಕಾಣುತ್ತದೆ. ಬಿಸಿ ಮಾಡಿ ಎರೆಯುವ ಥರ್ಮೋಪ್ಲಾಸ್ಟಿಕ್ ಬಣ್ಣಕ್ಕೆ ಈ ಲೀಟರ್ ಲೆಕ್ಕ ಅನ್ವಯಿಸದು. ಅದನ್ನು ದಪ್ಪ ನೋಡಿ ಕಿಲೋಗ್ರಾಂನಲ್ಲಿ ಎಣಿಸುತ್ತಾರೆ.

ಕೊನೆಯದಾಗಿ, ಬಣ್ಣ ಸಾಲದೆ ಹೋಗುವ ಸಂದರ್ಭ ಬಂದರೆ ಮೊದಲು ಉಬ್ಬನ್ನು ಪೂರ್ತಿಗೊಳಿಸಿ. ಝೀಬ್ರಾ ಪಟ್ಟೆ ಒಂದು ವಾರ ತಡವಾದರೆ ರಸ್ತೆ ಹಿಂದಿನಂತೆಯೇ ಇರುತ್ತದೆ. ಕಾಣದ ಉಬ್ಬನ್ನು ಮಾತ್ರ ನಾವೇ ರಸ್ತೆಗೆ ತಂದಿಟ್ಟಿರುತ್ತೇವೆ.