ಐದು ನಿಮಿಷದಲ್ಲಿ ಒಂದು ಜೀವನ: ಕುದ್ಮುಲ್ ರಂಗರಾಯರು

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ನಾನು ನಿವೃತ್ತನಾದ ಮೇಲೂ ಮಕ್ಕಳು ನನ್ನ ಮನೆಗೆ ಬರುವುದು ತಪ್ಪಿಲ್ಲ. "ಸರ, ನಾಳೆ ಪ್ರಾರ್ಥನೆಯೊಳಗ ಮಾತಾಡಬೇಕು, ಐದು ನಿಮಿಷದ ಭಾಷಣ ಬರದು ಕೊಡ್ರಿ" ಎನ್ನುತ್ತಾರೆ. ಹೆಚ್ಚಾಗಿ ಯಾರಾದರೂ ಸಮಾಜ ಸುಧಾರಕರ ಜಯಂತಿ ಇರುತ್ತದೆ. ಬರೆದು ಕೊಡುವುದು ಸುಲಭ. ಆದರೆ ಅದನ್ನು ಹೇಗೆ ಬರೆಯಬೇಕು ಎಂಬುದು ನನಗೆ ತಿಳಿದದ್ದು ಕೆಲಸಕ್ಕೆ ಸೇರಿ ಬಹಳ ವರ್ಷಗಳಾದ ಮೇಲೆ. ಇಂದು ಅಂಥ ಒಂದು ಭಾಷಣವನ್ನು ನಿಮ್ಮ ಮುಂದೆ ಓದಿ, ಅದನ್ನು ಯಾಕೆ ಹಾಗೆ ಕಟ್ಟಿದೆ ಎಂಬುದನ್ನೂ ಹೇಳುತ್ತೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಹೊಸದಾಗಿ ಶಿಕ್ಷಕನಾದಾಗ ಒಂದು ಜಯಂತಿಯ ದಿನ ಪ್ರಾರ್ಥನೆಯಲ್ಲಿ ನಾನೇ ಮಾತಾಡಿದೆ. ಸುಧಾರಕರು ಹುಟ್ಟಿದ ತಾರೀಖು, ತಂದೆತಾಯಿಯ ಹೆಸರು, ಓದು, ಪಡೆದ ಬಿರುದುಗಳು, ಬರೆದ ಪುಸ್ತಕಗಳು, ತೀರಿಕೊಂಡ ದಿನ, ಏನನ್ನೂ ಬಿಡಲಿಲ್ಲ. ಮುಖ್ಯ ಗುರುಗಳು ಭೇಷ್ ಎಂದರು. ಮಧ್ಯಾಹ್ನ ಏಳನೇ ತರಗತಿಗೆ ಹೋಗಿ, "ಬೆಳಿಗ್ಗೆ ಹೇಳಿದೆನಲ್ಲ, ಅವರು ಏನು ಮಾಡಿದರು?" ಎಂದು ಕೇಳಿದೆ. ಎಲ್ಲರೂ ಸುಮ್ಮನೆ ಕೂತರು. ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು, "ಅವ್ರು ತೀರಿಕೊಂಡ್ರು ಸರ" ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಮನೆಗೆ ಹೋಗುವಾಗ ಆ ಹುಡುಗ ಹೇಳಿದ್ದೇ ಸರಿ ಅನಿಸಿತು. ನನ್ನ ಭಾಷಣದಲ್ಲಿ ಆ ಮನುಷ್ಯ ಹುಟ್ಟಿದ್ದರು, ತೀರಿಕೊಂಡಿದ್ದರು. ನಡುವೆ ಅವರಿಗೆ ಏನು ಅಡ್ಡ ಬಂತು, ಅದಕ್ಕೆ ಅವರು ಏನು ಮಾಡಿದರು ಎಂಬುದನ್ನು ನಾನು ಹೇಳಿರಲೇ ಇಲ್ಲ.

ಅಂದಿನಿಂದ ಒಂದು ರೂಢಿ ಮಾಡಿಕೊಂಡೆ. ಸುಧಾರಕರ ಇಡೀ ಜೀವನವನ್ನು ಐದು ನಿಮಿಷದಲ್ಲಿ ತುರುಕುವುದಿಲ್ಲ. ಅವರಿಗೆ ಎದುರಾದ ಒಂದು ಅಡ್ಡಿಯನ್ನು ಹಿಡಿದುಕೊಂಡು, ಅದರ ಹಿಂದೆಯೇ ಕೊನೆಯವರೆಗೆ ಹೋಗುತ್ತೇನೆ. ಅಳತೆಯೂ ಬೇಕು. ಮೈದಾನದಲ್ಲಿ ಕೊನೆಯ ಸಾಲಿಗೂ ಕೇಳುವಂತೆ ನಿಧಾನವಾಗಿ ಹೇಳಿದರೆ ನಿಮಿಷಕ್ಕೆ 80 ಶಬ್ದಕ್ಕಿಂತ ಹೆಚ್ಚು ಹೇಳಲಾಗದು. ಅಂದರೆ ಐದು ನಿಮಿಷಕ್ಕೆ 400 ಶಬ್ದ. ಇನ್ನೂ ಸ್ವಲ್ಪ ಕಡಿಮೆ ಬರೆದುಕೊಂಡರೆ ನಡುವೆ ಉಸಿರಾಡಲು ಜಾಗ ಸಿಗುತ್ತದೆ.

ಇಂದಿನ ಭಾಷಣ ಮಂಗಳೂರಿನ ಕುದ್ಮುಲ್ ರಂಗರಾಯರ ಬಗ್ಗೆ. ನಮ್ಮೂರಿನ ಶಿವಮೂರ್ತಿ ಸ್ವಾಮಿಗಳ ಹೆಸರನ್ನು ಅಳವಂಡಿಯ ಮಕ್ಕಳು ಮನೆಯಲ್ಲೇ ಕೇಳಿರುತ್ತಾರೆ. ರಂಗರಾಯರ ಹೆಸರು ಕರಾವಳಿ ದಾಟಿ ನಮ್ಮ ಕಡೆ ಅಷ್ಟು ಬಂದಿಲ್ಲ. ಇದನ್ನು ಎಂಟನೇ ತರಗತಿಯ ಮಗು ಹೇಳುವಂತೆ ಬರೆದಿದ್ದೇನೆ.

"ಗುರುಗಳೇ, ಗೆಳೆಯರೇ, ಇಂದು ಬೆಳಿಗ್ಗೆ ಗಂಟೆ ಹೊಡೆದಾಗ ನಾವೆಲ್ಲ ಶಾಲೆಯ ಒಳಗೆ ಬಂದೆವು. ನೀನು ಯಾರ ಮಗ, ನೀನು ಒಳಗೆ ಬರಬೇಡ ಎಂದು ಯಾರೂ ಗೇಟಿನಲ್ಲಿ ತಡೆಯಲಿಲ್ಲ. ಸುಮಾರು 130 ವರ್ಷಗಳ ಹಿಂದೆ ಮಂಗಳೂರಿನಲ್ಲಿ ಹೀಗಿರಲಿಲ್ಲ. ಊರನ್ನು ಗುಡಿಸಿ ಸ್ವಚ್ಛವಾಗಿಡುತ್ತಿದ್ದವರ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತ್ತು. ಅವರನ್ನು ಮುಟ್ಟಬಾರದು ಎಂದು ಮೇಲಿನ ಜಾತಿಯವರು ನಿಯಮ ಮಾಡಿಕೊಂಡಿದ್ದರು.

ಆ ಊರಿನಲ್ಲಿ ರಂಗರಾಯರು ಎಂಬ ವಕೀಲರಿದ್ದರು. ಅವರು ಹುಟ್ಟಿದ್ದು 1859ರಲ್ಲಿ, ಕುದ್ಮುಲ್ ಎಂಬ ಹಳ್ಳಿಯಲ್ಲಿ, ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಮಂಗಳೂರಿಗೆ ಬಂದು ಶಿಕ್ಷಕರಾಗಿ ದುಡಿಯುತ್ತ ಓದಿದರು, ವಕೀಲರಾದರು. 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಒಂದು ಶಾಲೆ ತೆರೆದರು.

ಶಾಲೆ ತೆರೆದರೆ ಕೆಲಸ ಮುಗಿಯಿತೇ? ಇಲ್ಲ. ಅಲ್ಲಿ ಕಲಿಸಲು ಮೇಲಿನ ಜಾತಿಯ ಶಿಕ್ಷಕರು ಒಪ್ಪಲಿಲ್ಲ. ಆಗ ಕ್ರೈಸ್ತ ಶಿಕ್ಷಕರು ಬಂದು ಕಲಿಸಿದರು. ಸುತ್ತಲಿನವರ ವಿರೋಧದಿಂದ ಶಾಲೆ ಜಾಗ ಬದಲಿಸಬೇಕಾಯಿತು. ರಾಯರ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು.

ಇಷ್ಟಾದರೂ ದೊಡ್ಡ ಅಡ್ಡಿ ಬೇರೆ ಇತ್ತು. ಆ ಮನೆಗಳಲ್ಲಿ ಮಗು ದುಡಿದರೆ ಮಾತ್ರ ಸಂಜೆಗೆ ಗಂಜಿ. ಮಗು ಶಾಲೆಗೆ ಬಂದರೆ ಆ ದಿನದ ಕೂಲಿ ಹೋಗುತ್ತದೆ. ರಾಯರು ಅವರಿಗೆ ಓದಿನ ಮಹತ್ವ ಎಂದು ಬುದ್ಧಿ ಹೇಳುತ್ತ ಕೂರಲಿಲ್ಲ. ಶಾಲೆಗೆ ಬಂದ ಮಗುವಿಗೆ ಮಧ್ಯಾಹ್ನ ಊಟ ಕೊಟ್ಟರು. ಕೂಲಿಗೆ ಬದಲಾಗಿ ಕೈಗೆ ಒಂದಿಷ್ಟು ಕಾಸು ಕೊಟ್ಟರು. ಮಕ್ಕಳು ಬಂದರು. ನಷ್ಟವಾದರೂ ಸರಿ, ಜನ ಬೈದರೂ ಸರಿ ಎಂದು ಮಕ್ಕಳನ್ನು ಕಳಿಸಿದ ಆ ತಂದೆತಾಯಿಯರ ಧೈರ್ಯವನ್ನೂ ನಾವು ನೆನೆಯಬೇಕು.

1897ರಲ್ಲಿ ರಾಯರು ಈ ಕೆಲಸಕ್ಕಾಗಿ ಒಂದು ಸಂಸ್ಥೆ ಕಟ್ಟಿದರು. ಶೇಡಿಗುಡ್ಡೆ ಎಂಬಲ್ಲಿ ಅದು ನೆಲೆ ನಿಂತಿತು. ಓದಿನ ಜೊತೆಗೆ ನೇಯ್ಗೆ, ಬಡಗಿತನ ಕಲಿಸಿದರು. ಓದಿದ ಹುಡುಗ ಕೂಲಿಯಿಲ್ಲದೆ ಮತ್ತೆ ಹಳೆಯ ಕೆಲಸಕ್ಕೇ ಮರಳಬಾರದು ಎಂಬುದು ಅವರ ಲೆಕ್ಕ. ಮನೆ ಕಟ್ಟಿಕೊಳ್ಳಲು ಜಾಗವನ್ನೂ ಕೊಡಿಸಿದರು.

ಅವರಿಗೆ ಒಂದು ಆಸೆಯಿತ್ತು. ತನ್ನ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆ ಹಿಡಿದು ಇದೇ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಎಂದು. ಅವರು 1928ರ ಜನವರಿ 30ರಂದು ತೀರಿಕೊಂಡರು. ತನ್ನ ಕೊನೆಯ ಕಾರ್ಯವನ್ನು ದಲಿತರೇ ಮಾಡಬೇಕು ಎಂದು ಹೇಳಿಟ್ಟಿದ್ದರು.

ಗೆಳೆಯರೇ, ಇಂದು ನಮ್ಮ ತರಗತಿಗೆ ಯಾರು ಬಂದಿಲ್ಲ? ಯಾಕೆ ಬಂದಿಲ್ಲ? ಒಳಗೆ ಹೋದ ಮೇಲೆ ಅಷ್ಟನ್ನು ಕೇಳಿಕೊಳ್ಳೋಣ. ವಂದನೆಗಳು."

ಇಷ್ಟೇ ಭಾಷಣ. ರಂಗರಾಯರ ಬಗ್ಗೆ ಹೇಳಲು ಇನ್ನೂ ಬಹಳ ಇದೆ. ಅವರು ವಿಧವೆಯರ ಮರುಮದುವೆಗೆ ನಿಂತರು. ಮಗಳು ರಾಧಾಬಾಯಿಯನ್ನು ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರಿಗೆ ಕೊಟ್ಟು ಮದುವೆ ಮಾಡಿದರು. ಆ ಅಳಿಯ 1926ರಲ್ಲಿ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ಕೊನೆಗಾಲದಲ್ಲಿ ರಾಯರು ಸನ್ಯಾಸಿಯಾಗಿ ಈಶ್ವರಾನಂದ ಎಂಬ ಹೆಸರು ಪಡೆದರು. ಇವೆಲ್ಲ ದೊಡ್ಡ ಸಂಗತಿಗಳೇ. ಆದರೆ ಇವನ್ನೂ ಸೇರಿಸಿದರೆ ಊಟ ಮತ್ತು ಕಾಸಿನ ಮಾತು ಮುಚ್ಚಿಹೋಗುತ್ತದೆ. ಕೇಳುವ ಮಗುವಿಗೆ ಮಾರನೇ ದಿನಕ್ಕೆ ಉಳಿಯಬೇಕಾದದ್ದು ಅದೇ. ಅದಕ್ಕೇ ಉಳಿದದ್ದನ್ನು ಬಿಟ್ಟೆ. ಶಿಕ್ಷಕರು ಬೇಕಾದರೆ ತರಗತಿಯಲ್ಲಿ ಹೇಳಲಿ.

ಎರಡನೆಯದು, ಎಚ್ಚರದ ಮಾತು. ಇಂಥ ಭಾಷಣದಲ್ಲಿ "ಕೀಳು ಜಾತಿಯವರನ್ನು ಉದ್ಧಾರ ಮಾಡಿದರು" ಎಂದು ಬರೆಯುವುದುಂಟು. ನಾನೂ ಬರೆದಿದ್ದೆ. ಪ್ರಾರ್ಥನೆಯ ಸಾಲಿನಲ್ಲಿ ಆ ಮನೆಗಳ ಮಕ್ಕಳೂ ನಿಂತಿರುತ್ತಾರೆ. ಆ ಮಾತು ಕೇಳಿದಾಗ ಒಂದಿಬ್ಬರು ತಲೆ ತಗ್ಗಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ತಲೆ ತಗ್ಗಿಸಬೇಕಾದವರು ಬಾಗಿಲು ಮುಚ್ಚಿದವರು. ಹೊರಗೆ ನಿಂತವರು ಯಾಕೆ ತಗ್ಗಿಸಬೇಕು? ಆದ್ದರಿಂದ ವಾಕ್ಯದಲ್ಲಿ ನಿಯಮ ಮಾಡಿದವರು ಯಾರು ಎಂಬುದು ಬರಲೇಬೇಕು. ಮಕ್ಕಳನ್ನು ಕಳಿಸಿದ ತಂದೆತಾಯಿಯರ ಧೈರ್ಯವೂ ಬರಬೇಕು. ಈ ಎರಡು ಇದ್ದರೆ ಆ ಮಗು ತಲೆ ಎತ್ತಿಯೇ ಕೇಳುತ್ತದೆ. ಭಾಷಣ ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಚಪ್ಪಾಳೆ ನೋಡಬೇಡಿ, ಆ ಸಾಲನ್ನು ನೋಡಿ.

ಮೂರನೆಯದು, "ದೇಶದಲ್ಲೇ ಮೊಟ್ಟಮೊದಲು" ಎಂಬ ಮಾತು. ಯಾವ ಜಯಂತಿಯ ಭಾಷಣ ತೆಗೆದರೂ ಅದು ಇರುತ್ತದೆ. ರಂಗರಾಯರ ಶಾಲೆಗಿಂತ 40 ವರ್ಷಗಳ ಮೊದಲೇ ಪುಣೆಯಲ್ಲಿ ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಇಂಥ ಶಾಲೆ ನಡೆಸಿದ್ದರು. ಅವರು ಮನೆ ಬಿಡಬೇಕಾಗಿ ಬಂದಾಗ ಉಸ್ಮಾನ್ ಶೇಖ್ ತಮ್ಮ ಮನೆಯಲ್ಲಿ ಆಸರೆ ಕೊಟ್ಟಿದ್ದರು. ಹಾಗಾಗಿ ರಾಯರ ಬಗ್ಗೆ ಮೊಟ್ಟಮೊದಲು ಎಂದರೆ ಸುಳ್ಳಾಗುತ್ತದೆ, ಅವರ ದೊಡ್ಡತನಕ್ಕೆ ಆ ಮಾತಿನ ಅಗತ್ಯವೂ ಇಲ್ಲ. ಭಾಷಣ ಬರೆದ ಮೇಲೆ ಒಮ್ಮೆ ಓದಿ, ಖಚಿತವಿಲ್ಲದ ವಾಕ್ಯದ ಮೇಲೆ ಗೆರೆ ಎಳೆದುಬಿಡಿ. ಭಾಷಣ ನಾಲ್ಕೇ ನಿಮಿಷದಲ್ಲಿ ಮುಗಿದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕೊನೆಯದಾಗಿ ಪಾಲಕರಿಗೆ ಒಂದು ಮಾತು. ನಮ್ಮ ಅಳವಂಡಿಯ ಸುತ್ತಮುತ್ತ ಹತ್ತಿ ಬಿಡಿಸುವ ದಿನಗಳು ಬಂದರೆ ಹಾಜರಿ ಪುಸ್ತಕದಲ್ಲಿ ಗೈರು ಹೆಚ್ಚುತ್ತದೆ. ನಾನು ಹಾಜರಿ ಹಾಕುತ್ತಿದ್ದ ವರ್ಷಗಳಲ್ಲೆಲ್ಲ ಹಾಗೇ ಇತ್ತು. ಮಕ್ಕಳಿಗೆ ಓದಿನ ಮೇಲೆ ಆಸೆಯಿಲ್ಲ ಎಂದು ನಾವು ಶಿಕ್ಷಕರು ಬೈಯುತ್ತಿದ್ದೆವು. ಅದು ಆಸೆಯ ಪ್ರಶ್ನೆಯಲ್ಲ, ಕೂಲಿಯ ಪ್ರಶ್ನೆ ಎಂದು ಮಂಗಳೂರಿನ ಆ ವಕೀಲರು 1890ರ ದಶಕದಲ್ಲೇ ಅರಿತಿದ್ದರು. ಇಂದು ನಿಮ್ಮ ಮಗುವಿಗೆ ಸಿಗುತ್ತಿರುವ ವಿದ್ಯಾರ್ಥಿವೇತನವೂ ಅವರು ಕೊಟ್ಟ ಕಾಸಿನ ಜಾತಿಯದೇ. ಜಾಣತನಕ್ಕೆ ಬಹುಮಾನ ಎಂದು ಅದನ್ನು ತಿಳಿಯಬೇಡಿ. ಅದು ಶಾಲೆಗೆ ಹೋಗುವ ದಿನಗಳಿಗೆ ಕೊಡುವ ಹಣ. ಹತ್ತಿ ಬಿಡಿಸುವ ತಿಂಗಳಿಗೆಂದು ಅದನ್ನು ಎತ್ತಿಟ್ಟುಕೊಳ್ಳಿ. ಆ ತಿಂಗಳಲ್ಲಿ ನಿಮ್ಮ ಮಗು ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದರೆ ಸಾಕು.